ಆರು ಗೆಲುವಿಗೆ ಎಷ್ಟು ತೂಕ ಕೊಡಬೇಕು? ಫಾರ್ಮ್ ಲೆಕ್ಕದಲ್ಲಿ ಅರ್ಧಾಯುಷ್ಯದ ಆಯ್ಕೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಒಂದು ಹಳೇ ಗಾಯ ಕೆರೆಯೋಣ. 2024ರ ಮೇ 22, ಅಹಮದಾಬಾದ್, ಐಪಿಎಲ್ ಎಲಿಮಿನೇಟರ್. ಒಂದು ಕಡೆ ನಮ್ಮ ಆರ್‌ಸಿಬಿ: ಮೊದಲ ಎಂಟು ಮ್ಯಾಚ್‌ನಲ್ಲಿ ಏಳು ಸೋತು, ಆಮೇಲೆ ಸತತವಾಗಿ ಆರು ಗೆದ್ದು ಬಂದ ತಂಡ. ಇನ್ನೊಂದು ಕಡೆ ರಾಜಸ್ಥಾನ್ ರಾಯಲ್ಸ್: ಮೊದಲ ಒಂಬತ್ತರಲ್ಲಿ ಎಂಟು ಗೆದ್ದು, ಆಮೇಲೆ ಸತತವಾಗಿ ನಾಲ್ಕು ಸೋತು, ಕೊನೆ ಲೀಗ್ ಮ್ಯಾಚ್ ಮಳೆಗೆ ಕೊಚ್ಚಿಹೋದ ತಂಡ.

ಅವತ್ತು ಯಾರನ್ನ ಕೇಳಿದ್ರೂ ಒಂದೇ ಮಾತು, "ಫಾರ್ಮ್ ಇರೋದು ಆರ್‌ಸಿಬಿ ಕಡೆ." ಗೆದ್ದಿದ್ದು ರಾಜಸ್ಥಾನ್, ನಾಲ್ಕು ವಿಕೆಟ್‌ನಿಂದ. ಹಾಗಾದ್ರೆ ಫಾರ್ಮ್ ಅನ್ನೋದೇ ಸುಳ್ಳಾ? ಅಲ್ಲ. ಆದ್ರೆ ಫಾರ್ಮನ್ನ ಅಳೆಯೋವಾಗ ನಾವು ಹೇಳದೇ ಒಳಗೆ ಸೇರಿಸಿಬಿಡೋ ಒಂದು ತೀರ್ಮಾನ ಇದೆ: ಹಳೇ ಮ್ಯಾಚನ್ನ ಎಷ್ಟು ಬೇಗ ಮರೀಬೇಕು ಅನ್ನೋದು. ಇವತ್ತಿನ ಮಾತು ಅದರ ಬಗ್ಗೆ.

ಕೊನೆಯ ಐದು ಮ್ಯಾಚ್ ಅಂದ್ರೆ ಸಾಲದಾ?

ಟಿವಿಯಲ್ಲಿ ತೋರಿಸೋದು ಕೊನೆಯ ಐದು ಮ್ಯಾಚ್‌ನ ಫಲಿತಾಂಶ. ಅದರ ಪ್ರಕಾರ ಅವತ್ತು ಆರ್‌ಸಿಬಿ ಶೇ. 100, ಮಳೆಯ ಮ್ಯಾಚ್ ಬಿಟ್ಟರೆ ರಾಜಸ್ಥಾನ್ ಶೇ. 20. ಈ ಪದ್ಧತಿಯಲ್ಲಿ ಐದನೇ ಮ್ಯಾಚ್‌ಗೆ ಪೂರ್ತಿ ತೂಕ, ಆರನೇದಕ್ಕೆ ಸೊನ್ನೆ. ಒಂದು ಹಳೇ ಸೋಲು ಪಟ್ಟಿಯಿಂದ ಹೊರಗೆ ಜಾರಿದ್ದಕ್ಕೇ ತಂಡದ ರೇಟಿಂಗ್ ಏರಿಬಿಡಬಹುದು, ತಂಡ ಹೊಸದಾಗಿ ಏನೂ ಮಾಡದೇ ಇದ್ರೂ.

ಅದಕ್ಕೆ ಬದಲಾಗಿ ತೂಕವನ್ನ ಮೆಲ್ಲಗೆ ಇಳಿಸೋದು ಇನ್ನೊಂದು ದಾರಿ. ಬಿ.ಕಾಂ ಓದಿದವರಿಗೆ ಇದು ಹಳೇ ಪರಿಚಯ, ಡಿಪ್ರಿಸಿಯೇಷನ್‌ನ ರಿಟನ್ ಡೌನ್ ವ್ಯಾಲ್ಯೂ ಪದ್ಧತಿ. ಮಷೀನಿನ ಬೆಲೆಯಲ್ಲಿ ಪ್ರತಿ ವರ್ಷ, ಉಳಿದಿದ್ದರಲ್ಲಿ ಇಂತಿಷ್ಟು ಪರ್ಸೆಂಟ್ ಕಳೀತೀವಲ್ಲ, ಹಾಗೆ ಪ್ರತಿ ಹೊಸ ಮ್ಯಾಚ್ ಆದಾಗ ಹಳೇ ಮ್ಯಾಚ್‌ಗಳ ಉಳಿದ ತೂಕದಲ್ಲಿ ಇಂತಿಷ್ಟು ಪರ್ಸೆಂಟ್ ಕಳೀತೀವಿ. ಇದೇ ಎಕ್ಸ್‌ಪೊನೆನ್ಶಿಯಲ್ ಡಿಕೇ. ತೂಕ ಕರಗುತ್ತಾ ಹೋಗುತ್ತೆ, ಯಾವತ್ತೂ ಪೂರ್ತಿ ಸೊನ್ನೆ ಆಗಲ್ಲ.

ಎಷ್ಟು ಬೇಗ ಕರಗುತ್ತೆ ಅಂತ ಹೇಳೋಕೆ ಸುಲಭದ ಅಳತೆ ಅರ್ಧಾಯುಷ್ಯ, ಅಂದ್ರೆ ಹಾಫ್ ಲೈಫ್. ಒಂದು ಮ್ಯಾಚ್‌ನ ತೂಕ ಅರ್ಧಕ್ಕೆ ಇಳಿಯೋಕೆ ಎಷ್ಟು ಮ್ಯಾಚ್ ಬೇಕು ಅನ್ನೋದು. ಅರ್ಧಾಯುಷ್ಯ 7 ಅಂದ್ರೆ, ಏಳು ಮ್ಯಾಚ್ ಹಿಂದಿನ ಆಟಕ್ಕೆ ಅರ್ಧ ತೂಕ, ಹದಿನಾಲ್ಕು ಹಿಂದಿನದಕ್ಕೆ ಕಾಲು.

ಎಕ್ಸೆಲ್‌ನಲ್ಲಿ ಮಾಡೋದು ಹೀಗೆ. A ಕಾಲಂನಲ್ಲಿ ಮ್ಯಾಚ್ ಎಷ್ಟು ಹಳೇದು (ಕೊನೆಯ ಮ್ಯಾಚ್‌ಗೆ 0, ಅದರ ಹಿಂದಿನದಕ್ಕೆ 1), B ಕಾಲಂನಲ್ಲಿ ಗೆಲುವಿಗೆ 1, ಸೋಲಿಗೆ 0, D1ರಲ್ಲಿ ಅರ್ಧಾಯುಷ್ಯ. ಮೊದಲ ಸೂತ್ರವನ್ನ C2ರಲ್ಲಿ ಹಾಕಿ C15ರವರೆಗೆ ಎಳೀರಿ. ಎರಡನೇದು ರೇಟಿಂಗ್.

```
=IF(A2="",0,0.5^(A2/$D$1))
=SUMPRODUCT(B2:B15,C2:C15)/SUM(C2:C15)
```

ಒಂದೇ ಸೀಸನ್, ಮೂರು ಉತ್ತರ

ಈಗ ಆ ಎಲಿಮಿನೇಟರ್ ಹಿಂದಿನ ದಿನ ನಿಂತು ಲೆಕ್ಕ ಹಾಕೋಣ. ಮಳೆಯ ಮ್ಯಾಚ್ ಬಿಟ್ಟುಬಿಡೋಣ.

ಎಲ್ಲ ಮ್ಯಾಚ್‌ಗೂ ಸಮಾನ ತೂಕ ಕೊಟ್ಟರೆ ಆರ್‌ಸಿಬಿ 14ರಲ್ಲಿ 7, ಅಂದ್ರೆ ಶೇ. 50. ರಾಜಸ್ಥಾನ್ 13ರಲ್ಲಿ 8, ಸುಮಾರು ಶೇ. 62. ರಾಜಸ್ಥಾನವೇ ಮುಂದೆ.

ಅರ್ಧಾಯುಷ್ಯ 7 ಮ್ಯಾಚ್ ಇಟ್ಟರೆ ಆರ್‌ಸಿಬಿ ಶೇ. 64, ರಾಜಸ್ಥಾನ್ ಶೇ. 49. ಆರ್‌ಸಿಬಿ ಸ್ವಲ್ಪ ಮುಂದೆ.

ಅರ್ಧಾಯುಷ್ಯ 2 ಮ್ಯಾಚ್ ಇಟ್ಟರೆ ಆರ್‌ಸಿಬಿ ಶೇ. 89, ರಾಜಸ್ಥಾನ್ ಶೇ. 22. ಇದು ಪೈಪೋಟಿನೇ ಅಲ್ಲ ಅನ್ನೋ ಹಾಗೆ ಕಾಣುತ್ತೆ.

ನೋಡಿ, ಫಲಿತಾಂಶಗಳು ಅವೇ, ತಂಡಗಳು ಅವೇ. ಯಾರು ಫೇವರಿಟ್ ಅನ್ನೋದನ್ನ ತೀರ್ಮಾನ ಮಾಡಿದ್ದು D1ರಲ್ಲಿರೋ ಒಂದು ಸಂಖ್ಯೆ. ಹಾಗಂತ ರಾಜಸ್ಥಾನ್ ಗೆದ್ದಿದ್ದಕ್ಕೆ ಸಮಾನ ತೂಕವೇ ಸರಿ ಅನ್ನೋ ಹಾಗಿಲ್ಲ. ಒಂದು ಟಿ20 ಮ್ಯಾಚ್‌ನಿಂದ ಏನೂ ಸಾಬೀತಾಗಲ್ಲ.

ಅರ್ಧಾಯುಷ್ಯ ಚಿಕ್ಕದಾದಷ್ಟೂ ಮಾಹಿತಿ ಕೈ ಬಿಟ್ಟುಹೋಗುತ್ತೆ ಅನ್ನೋದನ್ನ ಮಾತ್ರ ಗಮನಿಸಿ. ಅರ್ಧಾಯುಷ್ಯ 2 ಇದ್ದಾಗ ಹತ್ತು ವರ್ಷದ ಮ್ಯಾಚ್ ಹಾಕಿದ್ರೂ ಎಲ್ಲ ತೂಕಗಳ ಮೊತ್ತ 3.42 ದಾಟಲ್ಲ. 7 ಇದ್ದಾಗ ಅದು ಸುಮಾರು 10.6ರವರೆಗೆ ಹೋಗುತ್ತೆ. ಮೂರೂವರೆ ಮ್ಯಾಚ್‌ನಷ್ಟು ತೂಕ ಇಟ್ಕೊಂಡು ಒಂದು ತಂಡಕ್ಕೆ ಶೇ. 89 ಅಂತ ಹಣೆಪಟ್ಟಿ ಹಚ್ತಿದ್ದೀವಿ. ಆದ್ರೆ ಅರ್ಧಾಯುಷ್ಯ ತೀರಾ ದೊಡ್ಡದಾದ್ರೂ ತೊಂದರೆನೇ. ಆಡುವ ಹನ್ನೊಂದು ಜನ ಬದಲಾಗಿ ತಂಡ ನಿಜವಾಗಲೂ ಸುಧಾರಿಸಿದ್ರೂ ರೇಟಿಂಗ್‌ಗೆ ಅದು ತಿಳಿಯೋಕೆ ತಿಂಗಳು ಬೇಕು.

ಹಾಗಾದ್ರೆ ಆರಿಸೋದು ಹೇಗೆ?

ಕಣ್ಣಿಗೆ ಚೆನ್ನಾಗಿ ಕಂಡಿದ್ದನ್ನ ಆರಿಸಬಾರದು, ಪರೀಕ್ಷೆ ಮಾಡಬೇಕು. ಪ್ರತಿ ಮ್ಯಾಚ್‌ಗೂ ಮುಂಚೆ, ಅದಕ್ಕಿಂತ ಹಿಂದಿನ ಮ್ಯಾಚ್ ಮಾತ್ರ ಬಳಸಿ ಗೆಲುವಿನ ಸಾಧ್ಯತೆ ಬರೀರಿ. ಮ್ಯಾಚ್ ಮುಗಿದ ಮೇಲೆ ಫಲಿತಾಂಶಕ್ಕೂ (1 ಅಥವಾ 0) ನಿಮ್ಮ ಅಂದಾಜಿಗೂ ಇರೋ ವ್ಯತ್ಯಾಸದ ವರ್ಗ ತಗೊಳ್ಳಿ. ಎಲ್ಲದರ ಸರಾಸರಿಗೆ ಬ್ರೈಯರ್ ಸ್ಕೋರ್ ಅಂತಾರೆ. ಕಮ್ಮಿ ಇದ್ದಷ್ಟೂ ಒಳ್ಳೇದು. ಏನೂ ಯೋಚಿಸದೆ ಪ್ರತಿ ಸಲ "ಶೇ. 50" ಅಂದ್ರೆ ನಿಮ್ಮ ಸ್ಕೋರ್ 0.25. ಅದೇ ನಮ್ಮ ಗೆರೆ.

ಆರ್‌ಸಿಬಿಯ ಆ ಸೀಸನ್‌ನ ಒಂಬತ್ತನೇ ಮ್ಯಾಚ್‌ನಿಂದ ಎಲಿಮಿನೇಟರ್‌ವರೆಗಿನ ಏಳು ಮ್ಯಾಚ್‌ಗೆ ಇದನ್ನ ಹಾಕಿ ನೋಡಿದೆ. ಸರಳವಾಗಿರಲಿ ಅಂತ ಎದುರಾಳಿಯನ್ನ ಲೆಕ್ಕಕ್ಕೆ ತಗೊಂಡಿಲ್ಲ, ಆರ್‌ಸಿಬಿಯ ರೇಟಿಂಗನ್ನೇ ಗೆಲುವಿನ ಸಾಧ್ಯತೆ ಅಂದುಕೊಂಡೆ. ಅರ್ಧಾಯುಷ್ಯ 2ಕ್ಕೆ 0.36 ಬಂತು, 7ಕ್ಕೆ 0.42. ಅಂದ್ರೆ ಚಿಕ್ಕ ಅರ್ಧಾಯುಷ್ಯವೇ ಗೆದ್ದ ಹಾಗಾಯ್ತು.

ಇಲ್ಲೇ ಎರಡು ಸಲ ಎಡವಬಹುದು. ಮೊದಲನೇದು, ಇದು ನಾನೇ ಆರಿಸಿಕೊಂಡ ಸರಣಿ. ಸತತ ಗೆಲುವಿನ ಕಥೆ ಅಂತ ಗೊತ್ತಿದ್ದೇ ತಗೊಂಡಿದ್ದು. ಸತತ ಗೆಲುವಿನ ಮೇಲೆ ಪರೀಕ್ಷೆ ಮಾಡಿದ್ರೆ ಬೇಗ ಮರೆಯೋ ರೇಟಿಂಗ್ ಗೆಲ್ಲೋದು ಸಹಜ. ಅದೇ ಒಂದು ಗೆಲುವು, ಒಂದು ಸೋಲು ಅಂತ ಆಡೋ ತಂಡ ತಗೊಂಡಿದ್ರೆ ಉತ್ತರ ಉಲ್ಟಾ ಆಗ್ತಿತ್ತು. ಎರಡನೇದು ಇನ್ನೂ ಮುಖ್ಯ: ಎರಡೂ ಸ್ಕೋರ್ 0.25ಕ್ಕಿಂತ ಕೆಟ್ಟದು. ನಾಣ್ಯ ಚಿಮ್ಮಿದವನೇ ನಮಗಿಂತ ಮೇಲು!

ಯಾಕೆ ಹೀಗೆ? ಪೆಟ್ಟು ಬಿದ್ದಿದ್ದು ತಿರುವುಗಳಲ್ಲಿ. ಏಪ್ರಿಲ್ 25ಕ್ಕೆ ಹೈದರಾಬಾದ್ ವಿರುದ್ಧ ಆಡೋ ಮುಂಚೆ ಅರ್ಧಾಯುಷ್ಯ 2ರ ಲೆಕ್ಕ ಆರ್‌ಸಿಬಿಗೆ ಕೊಟ್ಟಿದ್ದು ಬರೀ ಶೇ. 4. ಗೆದ್ದರು. ಎಲಿಮಿನೇಟರ್‌ಗೆ ಕೊಟ್ಟಿದ್ದು ಶೇ. 89. ಸೋತರು. ಐಪಿಎಲ್‌ನಂಥ ಸಮಬಲದ ಟೂರ್ನಿಯಲ್ಲಿ ಯಾವ ತಂಡವೂ ಶೇ. 4 ಅಲ್ಲ, ಶೇ. 89ರ ತಂಡವೂ ಅಲ್ಲ.

ಇದಕ್ಕೆ ಮದ್ದು ಸರಾಸರಿಯ ಕಡೆಗೆ ಎಳೆಯೋದು. ಪ್ರತಿ ತಂಡದ ಲೆಕ್ಕಕ್ಕೂ ನಾಲ್ಕು ಕಾಲ್ಪನಿಕ ಮ್ಯಾಚ್ ಸೇರಿಸಿ, ಎರಡು ಗೆಲುವು, ಎರಡು ಸೋಲು. ಇವುಗಳ ತೂಕ ಕರಗಲ್ಲ. ಆಗ ಶೇ. 89 ಇಳಿದು 68 ಆಗುತ್ತೆ, ಶೇ. 4 ಏರಿ 30ರ ಹತ್ತಿರ ಬರುತ್ತೆ. ಅದೇ ಏಳು ಮ್ಯಾಚ್‌ಗಳ ಸ್ಕೋರ್ 0.36ರಿಂದ 0.28ಕ್ಕೆ ಇಳೀತು, ಅರ್ಧಾಯುಷ್ಯ 7ರದ್ದು 0.42ರಿಂದ 0.34ಕ್ಕೆ. ಈ ಏಳು ಮ್ಯಾಚ್‌ನಲ್ಲಿ ಅರ್ಧಾಯುಷ್ಯ ಬದಲಿಸಿದ್ದಕ್ಕಿಂತ ಈ ನಾಲ್ಕು ಕಾಲ್ಪನಿಕ ಮ್ಯಾಚ್ ಜಾಸ್ತಿ ಕೆಲಸ ಮಾಡಿದ್ವು.

ಹಾಗಾಗಿ ಸರಿಯಾದ ಕ್ರಮ ಹೀಗೆ. ಒಂದು ತಂಡ ಅಲ್ಲ, ಎಲ್ಲಾ ತಂಡಗಳ ಕೆಲವು ಸೀಸನ್‌ಗಳ ಮ್ಯಾಚ್ ತಗೊಳ್ಳಿ. ಅರ್ಧಾಯುಷ್ಯ 2, 4, 7, 14, 28 ಅಂತ ಒಂದೊಂದಾಗಿ ಇಟ್ಟು ಸ್ಕೋರ್ ಬರೀರಿ. ಸಾಮಾನ್ಯವಾಗಿ ಸ್ಕೋರ್‌ನ ಗೆರೆ ಬೋಗುಣಿ ಥರ ಇರುತ್ತೆ, ತಳ ಅಗಲವಾಗಿ, ಚಪ್ಪಟೆಯಾಗಿ. 9 ಮತ್ತು 12ರ ಮಧ್ಯೆ ಮೂರನೇ ದಶಮಾಂಶದಲ್ಲಷ್ಟೇ ವ್ಯತ್ಯಾಸ ಇದ್ರೆ ತಲೆ ಕೆಡಿಸ್ಕೋಬೇಡಿ, 10 ಅಂತ ಇಟ್ಕೊಳ್ಳಿ. ಕೊನೆಗೆ, ಆರಿಸೋಕೆ ಬಳಸದೇ ಬಿಟ್ಟಿದ್ದ ಒಂದು ಸೀಸನ್ ಮೇಲೆ ಪರೀಕ್ಷೆ ಮಾಡಿ. ಅಲ್ಲಿ 0.25ನ್ನ ಸೋಲಿಸೋಕೆ ಆಗದಿದ್ರೆ ನಿಮ್ಮ ರೇಟಿಂಗ್‌ನಲ್ಲಿ ಹುರುಳಿಲ್ಲ ಅಂತ ಅರ್ಥ.

ಮ್ಯಾಚ್ ಎಣಿಸಬೇಕಾ, ದಿನ ಎಣಿಸಬೇಕಾ?

ಈ ವಿಷಯದಲ್ಲಿ ಎಲ್ಲರೂ ನೆನೆಯೋ ಕೆಲಸ ಫುಟ್‌ಬಾಲ್‌ನದ್ದು. 1997ರಲ್ಲಿ ಮಾರ್ಕ್ ಡಿಕ್ಸನ್ ಮತ್ತು ಸ್ಟುವರ್ಟ್ ಕೋಲ್ಸ್ ಇಂಗ್ಲಿಷ್ ಲೀಗ್ ಫಲಿತಾಂಶಗಳ ಮೇಲೆ ಇದೇ ಥರ ತೂಕ ಇಳಿಸಿದ್ರು. ಅವರು ಎಣಿಸಿದ್ದು ಕಾಲವನ್ನ, ಅರ್ಧ ವಾರಕ್ಕೆ ಒಂದು ಘಟಕ. ಮುನ್ಸೂಚನೆಯ ಪರೀಕ್ಷೆಯಿಂದ ಅವರು ಆರಿಸಿದ ಇಳಿಕೆಯ ದರ 0.0065. 0.693ನ್ನ ಅದರಿಂದ ಭಾಗಿಸಿದ್ರೆ ಸುಮಾರು 107 ಅರ್ಧ ವಾರ, ಅಂದ್ರೆ ಹತ್ತಿರ ಹತ್ತಿರ ಒಂದು ವರ್ಷ. ನಾವು "ಕೊನೆಯ ಐದು ಮ್ಯಾಚ್" ಅಂತ ಕೂತಿರ್ತೀವಿ, ಅಲ್ಲಿ ಒಂದು ವರ್ಷ ಹಳೇ ಆಟಕ್ಕೂ ಅರ್ಧ ತೂಕ ಇದೆ!

ಆದ್ರೆ ಆ ಸಂಖ್ಯೆಯನ್ನ ಐಪಿಎಲ್‌ಗೆ ಎತ್ತಿ ತರೋ ಹಾಗಿಲ್ಲ. ಐಪಿಎಲ್ ಎರಡು ತಿಂಗಳು ಆಡಿ ಹತ್ತು ತಿಂಗಳು ಮಲಗುತ್ತೆ. 30 ದಿನದ ಅರ್ಧಾಯುಷ್ಯ ಇಟ್ಟರೆ 2023ರ ಮೇ 21ರ ಆರ್‌ಸಿಬಿ ಮ್ಯಾಚ್‌ಗೆ 2024ರ ಮಾರ್ಚ್ 22ರ ಹೊತ್ತಿಗೆ ಸಾವಿರದಲ್ಲಿ ಒಂದು ಪಾಲಿನಷ್ಟೂ ತೂಕ ಉಳಿಯಲ್ಲ, ರೇಟಿಂಗ್ ಖಾಲಿ. ಮ್ಯಾಚ್ ಲೆಕ್ಕದಲ್ಲಿ ಎಣಿಸಿದ್ರೆ ಅದು ನಿನ್ನೆಯ ಮ್ಯಾಚ್ ಥರ ಪೂರ್ತಿ ತೂಕದೊಂದಿಗೆ ಬರುತ್ತೆ, ನಡುವೆ ಹರಾಜಾಗಿ ತಂಡ ಬದಲಾಗಿದ್ರೂ. ಅದಕ್ಕೆ ನಾನು ಸೀಸನ್ ಒಳಗೆ ಮ್ಯಾಚ್ ಎಣಿಸ್ತೀನಿ, ಸೀಸನ್ ಬದಲಾದಾಗ ಹಳೇ ತೂಕ ಎಲ್ಲವನ್ನೂ ಒಂದೇ ಸಲ ಇನ್ನಷ್ಟು ಇಳಿಸ್ತೀನಿ. ಎಷ್ಟು ಅನ್ನೋದನ್ನೂ ಅದೇ ಪರೀಕ್ಷೆಯಿಂದಲೇ ಆರಿಸಬೇಕು.

ತೂಕ ಸರಿ ಇದ್ರೂ ಕಾಣದೇ ಇರೋದು

ಕೊನೆಗೆ ಆ ಆರು ಗೆಲುವನ್ನ ಇನ್ನೊಂದು ಸಲ ನೋಡಿ. ಎದುರಾಳಿಗಳು ಹೈದರಾಬಾದ್, ಗುಜರಾತ್ ಎರಡು ಸಲ, ಪಂಜಾಬ್, ಡೆಲ್ಲಿ, ಚೆನ್ನೈ. ಲೀಗ್‌ನ ಮೊದಲ ಮೂರು ಸ್ಥಾನದಲ್ಲಿ ಮುಗಿಸಿದ ತಂಡ ಇದರಲ್ಲಿ ಹೈದರಾಬಾದ್ ಒಂದೇ. ಇನ್ನು ಮೊದಲ ಏಳು ಸೋಲಿನಲ್ಲಿ ನಾಲ್ಕು ಬಂದಿದ್ದು ಆ ಮೂರು ತಂಡಗಳ ವಿರುದ್ಧವೇ: ಕೋಲ್ಕತ್ತಾ ಎರಡು ಸಲ, ಹೈದರಾಬಾದ್, ರಾಜಸ್ಥಾನ್. ಅದರಲ್ಲಿ ಈಡನ್ ಗಾರ್ಡನ್ಸ್‌ನ ಸೋಲು ಒಂದೇ ಒಂದು ರನ್‌ನದ್ದು, ನಮ್ಮ ಲೆಕ್ಕದಲ್ಲಿ ಅದಕ್ಕೂ ಪೂರ್ತಿ ಸೊನ್ನೆ.

ಅಂದ್ರೆ ಏಪ್ರಿಲ್‌ನ ಆರ್‌ಸಿಬಿ ಅಷ್ಟು ಕೆಟ್ಟದಾಗಿರಲಿಲ್ಲ, ಮೇ ತಿಂಗಳ ಆರ್‌ಸಿಬಿ ಅಷ್ಟು ದೊಡ್ಡದೂ ಆಗಿರಲಿಲ್ಲ. ಎದುರಾಳಿ ಯಾರು ಅನ್ನೋದನ್ನ ಸೇರಿಸದೇ ಬರೀ ಅರ್ಧಾಯುಷ್ಯ ತಿರುಗಿಸ್ತಾ ಇದ್ರೆ, ವೇಳಾಪಟ್ಟಿಯ ಏರಿಳಿತವನ್ನೇ ಫಾರ್ಮ್ ಅಂತ ಕರೀತಿರ್ತೀವಿ. ಡಿಕ್ಸನ್, ಕೋಲ್ಸ್ ಎದುರಾಳಿಯ ಬಲವನ್ನೂ ಜೊತೆಗೇ ಲೆಕ್ಕ ಹಾಕಿದ್ರು. ಅದನ್ನ ಸೇರಿಸೋದು ಹೇಗೆ ಅಂತ ಮುಂದಿನ ಸಂಚಿಕೆಯಲ್ಲಿ ಇದೇ ಎಕ್ಸೆಲ್ ಶೀಟ್ ಇಟ್ಕೊಂಡು ನೋಡೋಣ. ಅಲ್ಲಿವರೆಗೆ ನಿಮ್ಮ ತಂಡದ ಫಲಿತಾಂಶ ಹಾಕಿ, D1ರ ಸಂಖ್ಯೆ ಬದಲಿಸಿ ನೋಡ್ತಾ ಇರಿ. ಸಿಗೋಣ.