ಅಂಕಿ ಬಿಡಿ, ಬಣ್ಣ ಬಿದ್ದ ಸಾಲು ಓದಿ

ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಅದನ್ನು ಕೃತಿಚೌರ್ಯ ಪತ್ತೆ ಮಾಡುವ ಸಾಫ್ಟ್‌ವೇರಿನಲ್ಲಿ ಪರೀಕ್ಷಿಸಲೇಬೇಕು. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ. 10 ದಾಟಿದರೆ ದಂಡನೆಯ ಹಂತಗಳು ಶುರುವಾಗುತ್ತವೆ. ಹಾಗಾಗಿ ವರದಿ ಬಂದೊಡನೆ ಎಲ್ಲರ ಕಣ್ಣೂ ಶೇಕಡಾವಾರಿನ ಮೇಲೆ. ಆದರೆ ಸಾಫ್ಟ್‌ವೇರ್ ಹೇಳುವುದು ಈ ಪದಗಳು ಇದೇ ಸಾಲಾಗಿ ಬೇರೆಡೆಯೂ ಇವೆ ಎಂದಷ್ಟೇ. ಅದು ಕದ್ದದ್ದೋ ಅಲ್ಲವೋ ಎಂಬುದನ್ನು ಓದಿಯೇ ತಿಳಿಯಬೇಕು.

ಗಿಡಮೂಲಿಕೆಯ ಆಂಟಿಆಕ್ಸಿಡೆಂಟ್ ಗುಣ ಅಳೆಯುವ ಡಿಪಿಪಿಎಚ್ ಪರೀಕ್ಷೆಯನ್ನೇ ನೋಡೋಣ. ನೇರಳೆ ಬಣ್ಣದ ಡಿಪಿಪಿಎಚ್ ದ್ರಾವಣಕ್ಕೆ ಗಿಡದ ಸಾರ ಬೆರೆಸಿ, ಸಾಮಾನ್ಯವಾಗಿ 30 ನಿಮಿಷ ಕತ್ತಲಲ್ಲಿಟ್ಟು, 517 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಅಳೆಯುತ್ತಾರೆ. ನೇರಳೆ ಕಳೆದು ಹಳದಿಯಾದಷ್ಟೂ ಸಾರದ ಶಕ್ತಿ ಹೆಚ್ಚು. ಮಾಡುವ ಕ್ರಮ ಒಂದೇ ಆದಾಗ ಅದನ್ನು ಹೇಳುವ ವಾಕ್ಯಗಳೂ ಹತ್ತಾರು ಲೇಖನಗಳೊಂದಿಗೆ ತಾಳೆಯಾಗುತ್ತವೆ. ಆಂಟಿಆಕ್ಸಿಡೆಂಟ್ ಎಂದರೇನು ಎಂಬ ವ್ಯಾಖ್ಯೆ, 'ಮೂರು ಬಾರಿ ಅಳೆದು ಸರಾಸರಿ ತೆಗೆಯಲಾಯಿತು' ಎಂಬಂಥ ಸಿದ್ಧ ಮಾತುಗಳ ಕತೆಯೂ ಇದೇ.

ಗಾಬರಿಯಾದ ವಿದ್ಯಾರ್ಥಿ ಆಗ ಪದಗಳನ್ನು ಬದಲಿಸಲು ಕೂರುತ್ತಾನೆ. ಅಪಾಯ ಇರುವುದು ಅಲ್ಲೇ. 'ಹೀರಿಕೆ' ಇದ್ದಲ್ಲಿ 'ಪ್ರತಿಫಲನ' ಬರೆದರೆ ಹೋಲಿಕೆಯೇನೋ ಇಳಿಯುತ್ತದೆ, ಆದರೆ ವಿಜ್ಞಾನವೇ ತಪ್ಪಾಗುತ್ತದೆ. ಹೀಗೆ ವಿರೂಪಗೊಂಡ ಪಾರಿಭಾಷಿಕ ಪದಗಳ ಜಾಡು ಹಿಡಿದೇ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಲ್ಲಿ ಹಲವು ಸಂಶಯಾಸ್ಪದ ಲೇಖನಗಳನ್ನು ಬಯಲಿಗೆ ತಂದರು.

ಸರಿಯಾದ ದಾರಿ ಬೇರೆ. ಮೊದಲು ವರದಿಯ ಸೆಟ್ಟಿಂಗ್ ನೋಡಿ. ಪರಾಮರ್ಶನ ಪಟ್ಟಿ, ಪರಿವಿಡಿ, ಕೃತಜ್ಞತೆ, ಮೂಲ ಹೆಸರಿಸಿದ ಉದ್ಧರಣೆ, ಸ್ಥಾಪಿತ ಸಮೀಕರಣಗಳನ್ನು ಯುಜಿಸಿ ನಿಯಮವೇ ಲೆಕ್ಕದಿಂದ ಕೈಬಿಡುತ್ತದೆ. ಸಾಮಾನ್ಯ ತಿಳಿವಳಿಕೆಯ ಅಥವಾ ಆಕಸ್ಮಿಕವಾಗಿ ಹೊಂದುವ, ಸತತ 14 ಪದಗಳವರೆಗಿನ ಹೋಲಿಕೆಗೂ ವಿನಾಯಿತಿಯಿದೆ. ಆಮೇಲೆ ಉಳಿದ ಹೋಲಿಕೆಗಳನ್ನು ಒಂದೊಂದಾಗಿ ತೆರೆಯಿರಿ. ಚೂರುಪಾರು ಹೋಲಿಕೆ ಹಲವು ಮೂಲಗಳಲ್ಲಿ ಹರಡಿದ್ದರೆ ಅದು ಬಹುಮಟ್ಟಿಗೆ ಕ್ಷೇತ್ರದ ರೂಢಿಯ ಭಾಷೆ. ಒಂದೇ ಲೇಖನದಿಂದ ಇಡೀ ಪ್ಯಾರಾ ಬಂದಿದ್ದರೆ ಅದಕ್ಕೆ ವಿನಾಯಿತಿಯಿಲ್ಲ, ಹೊಸದಾಗಿ ಬರೆಯಲೇಬೇಕು. ಹೋಲಿಕೆ ವ್ಯಾಖ್ಯೆಯಲ್ಲಿದ್ದರೆ ಉದ್ಧರಣ ಚಿಹ್ನೆಯೊಳಗಿಟ್ಟು ಮೂಲ ಹೇಳಿ.

ವಿಧಾನದ ಭಾಗಕ್ಕೆ ಬಂದರೆ, ಪರೀಕ್ಷೆಯ ಮೂಲ ಲೇಖನವನ್ನು ಹೆಸರಿಸಿ. ಡಿಪಿಪಿಎಚ್‌ಗೆ ಅದು ಬ್ಲೋಯಿಸ್ 1958ರಲ್ಲಿ ಪ್ರಕಟಿಸಿದ ಲೇಖನ. ನಂತರ ನೀವು ಮಾಡಿದ್ದನ್ನಷ್ಟೇ ಬರೆಯಿರಿ: ಯಾವ ಗಿಡದ ಯಾವ ಭಾಗ, ಎಷ್ಟು ಮಿಲಿಲೀಟರ್ ಸಾರ, ಯಾವ ಉಪಕರಣ, ಮೂಲ ಕ್ರಮದಲ್ಲಿ ಏನು ಬದಲಿಸಿದಿರಿ. ಈ ವಿವರಗಳು ಬಂದಂತೆ ವಾಕ್ಯ ತಾನಾಗಿ ನಿಮ್ಮದಾಗುತ್ತದೆ.

ಮಾರ್ಗದರ್ಶಕರು ನೋಡಬೇಕಾದದ್ದೂ ಇದನ್ನೇ. ಪ್ರಬಂಧದಲ್ಲಿ 30 ನಿಮಿಷ ಎಂದಿದ್ದು ಲ್ಯಾಬ್ ನೋಟ್‌ಬುಕ್ಕಿನಲ್ಲಿ 20 ಎಂದಿದ್ದರೆ, ಬೇರೆಯವರ ಪ್ರಯೋಗ ಇವರ ಹೆಸರಲ್ಲಿ ನುಸುಳಿರಬಹುದು. ಹೋಲಿಕೆ ಶೇ. 3 ಇದ್ದರೂ ಅದು ಗಂಭೀರ ತಪ್ಪು.