ಶಾಲೆಯ ಶೂ ಕೊಳ್ಳುವ ಮುನ್ನ: ಮಕ್ಕಳ ಹೆಬ್ಬೆರಳ ಉಗುರು ಮಾಂಸಕ್ಕಿಳಿಯದಂತೆ ತಡೆಯುವ ಬಗೆ

ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವಾಗ ಕಾಸರಗೋಡಿನಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ಪೋಷಕರು ಪುಸ್ತಕ, ಸಮವಸ್ತ್ರಗಳೊಡನೆ ಮಕ್ಕಳಿಗೆ ಶೂ ಕೊಳ್ಳುತ್ತಾರೆ. ಕೆಲವು ತಿಂಗಳುಗಳ ತರುವಾಯ ಮಗು ಕುಂಟುತ್ತ ಮನೆಗೆ ಬರುತ್ತದೆ. ಶೂ ಕಳಚಿ ನೋಡಿದರೆ ಕಾಲಿನ ಹೆಬ್ಬೆರಳ ಉಗುರಿನ ಪಕ್ಕ ಕೆಂಪಾಗಿ ಬಾತಿರುತ್ತದೆ. ಇದನ್ನು ನಾವು ಸಾಮಾನ್ಯವಾಗಿ ಉಗುರುಸುತ್ತು ಎಂದು ಕರೆದು ಸುಮ್ಮನಾಗುತ್ತೇವೆ. ಆದರೆ ಉಗುರಿನ ಅಂಚು ಪಕ್ಕದ ಮಾಂಸಕ್ಕೆ ಇಳಿಯುವುದು ಬೇರೆಯೇ ತೊಂದರೆ. ಸೋಂಕು ಅದರ ಹಿಂದಿನಿಂದ ಬರುತ್ತದೆ. ಮೂಲದಲ್ಲಿರುವುದು ಬಹುಮಟ್ಟಿಗೆ ಒತ್ತಡ. ಆ ಒತ್ತಡವನ್ನು ಅಂಗಡಿಯಲ್ಲಿಯೇ ತಡೆಯಬಹುದು.

ಉಗುರು ತಾನಾಗಿ ಒಳಗೆ ತಿರುಗುವುದಕ್ಕಿಂತ, ಬದಿಯ ಮಾಂಸವೇ ಉಗುರಿನ ಅಂಚಿನ ಮೇಲೆ ಒತ್ತಲ್ಪಡುವುದು ಹೆಚ್ಚು. ಹೀಗೆ ದಿನಕ್ಕೆ ಆರೇಳು ಗಂಟೆ ಒತ್ತಿದಾಗ ಅಂಚು ಚರ್ಮವನ್ನು ಸೀಳುತ್ತದೆ. ಒತ್ತುವ ದಾರಿಗಳು ಮೂರು: ಶೂವಿನ ಮುಂಭಾಗದ ಆಕಾರ, ಅದರ ಉದ್ದ ಮತ್ತು ಕಾಲುಚೀಲ.

ಮುಂಭಾಗದ ಆಕಾರ

ಮಗುವಿನ ಬರಿಗಾಲನ್ನು ಮೇಲಿನಿಂದ ನೋಡಿದರೆ, ಪಾದದ ಒಳಬದಿಯ ಗೆರೆ ಹೆಬ್ಬೆರಳ ತುದಿಯವರೆಗೆ ಹೆಚ್ಚುಕಡಿಮೆ ನೇರವಾಗಿಯೇ ಸಾಗುತ್ತದೆ. ಅನೇಕ ಶೂಗಳಲ್ಲಿ ಹಾಗಿರುವುದಿಲ್ಲ. ಅವುಗಳ ತುದಿ ನಡುವಿಗೆ ಬಂದು ಚೂಪಾಗುತ್ತದೆ. ಅಂಥ ಶೂ ಹೆಬ್ಬೆರಳನ್ನು ಎರಡನೆಯ ಬೆರಳಿನ ಕಡೆಗೆ ದೂಡುತ್ತದೆ. ಆಗ ಎರಡೂ ಬೆರಳುಗಳು ಒಂದನ್ನೊಂದು ಒತ್ತಿ, ಹೆಬ್ಬೆರಳ ಮಾಂಸ ಉಗುರಿನ ಅಂಚಿಗೆ ಏರುತ್ತದೆ. ಹೆಣ್ಣುಮಕ್ಕಳು ತೊಡುವ ಪಟ್ಟಿಯಿಲ್ಲದ ತೆಳು ಶೂಗಳಲ್ಲಿ ಇನ್ನೊಂದು ದೋಷವಿದೆ. ಅವುಗಳ ಮುಂಭಾಗ ತಗ್ಗಾಗಿರುವುದರಿಂದ ಉಗುರಿನ ಮೇಲೆಯೂ ಭಾರ ಬೀಳುತ್ತದೆ. ಹಿಡಿದಿಡುವ ಪಟ್ಟಿ ಇಲ್ಲದಿರುವುದರಿಂದ ಮಗು ಬೆರಳುಗಳಿಂದಲೇ ಶೂವನ್ನು ಹಿಡಿದು ನಡೆಯಬೇಕಾಗುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಶೂವಿನ ಒಳಹಾಸು ಕಳಚುವಂತಿದ್ದರೆ ಅದನ್ನು ನೆಲದ ಮೇಲಿಟ್ಟು, ಹಿಮ್ಮಡಿಯನ್ನು ಅದರ ಹಿಂಬದಿಗೆ ಸರಿಯಾಗಿ ಹೊಂದಿಸಿ ಮಗುವನ್ನು ಅದರ ಮೇಲೆ ನಿಲ್ಲಿಸಬೇಕು. ಬೆರಳುಗಳು ಹಾಸಿನ ಅಂಚನ್ನು ಮೀರಿ ಹೊರಚಾಚಿದರೆ ಶೂ ಎಷ್ಟೇ ಉದ್ದವಾಗಿರಲಿ, ಅದು ಆ ಪಾದದ್ದಲ್ಲ. ಒಳಹಾಸು ಕಳಚದಿದ್ದರೆ, ಮನೆಯಲ್ಲಿಯೇ ಪಾದದ ರೂಪರೇಖೆಯನ್ನು ಕಾಗದದ ಮೇಲೆ ಬರೆದು ಕತ್ತರಿಸಿಕೊಂಡು ಅಂಗಡಿಗೆ ಒಯ್ಯಬಹುದು. ಆ ಕಾಗದ ಮಡಚಿಕೊಳ್ಳದೆ ಶೂವಿನೊಳಗೆ ಹರಡಿ ಕೂರಬೇಕು.

ಉದ್ದದ ಲೆಕ್ಕ

ಅಳತೆಯನ್ನು ಸಂಜೆ ತೆಗೆಯುವುದು ಮೇಲು. ದಿನವಿಡೀ ಓಡಾಡಿದ ಪಾದ ತುಸು ಉಬ್ಬಿರುತ್ತದೆ. ಮಗು ಕುಳಿತಿರಬಾರದು, ನಿಂತಿರಬೇಕು. ದೇಹದ ಭಾರ ಬಿದ್ದಾಗ ಪಾದ ಉದ್ದವೂ ಅಗಲವೂ ಆಗುತ್ತದೆ. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಕಾಗದದ ಮೇಲೆ ನಿಲ್ಲಿಸಿ, ಎಲ್ಲಕ್ಕಿಂತ ಉದ್ದದ ಬೆರಳಿನ ತುದಿಗೆ ಗುರುತು ಹಾಕಬೇಕು. ಕೆಲವರಲ್ಲಿ ಅದು ಎರಡನೆಯ ಬೆರಳಾಗಿರುತ್ತದೆ. ಎರಡೂ ಪಾದಗಳನ್ನು ಅಳೆದು ದೊಡ್ಡದನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಆ ಉದ್ದಕ್ಕೆ 1ರಿಂದ 1.2 ಸೆಂಟಿಮೀಟರ್ ಕೂಡಿಸಿದರೆ ಶೂವಿನ ಒಳಗಿನ ಉದ್ದ ದೊರೆಯುತ್ತದೆ. ನಡೆಯುವಾಗ ಪಾದ ಮುಂದಕ್ಕೆ ಜರುಗಲು ಮತ್ತು ಕೆಲವು ತಿಂಗಳ ಬೆಳವಣಿಗೆಗೆ ಇಷ್ಟು ಜಾಗ ಬೇಕು.

ಶೂವಿನ ಒಳಗಿನ ಉದ್ದವನ್ನು ತಿಳಿಯಲು ಬೆರಳಗಲದ ಗಟ್ಟಿ ರಟ್ಟಿನ ಪಟ್ಟಿಯೊಂದು ಸಾಕು. ಅದನ್ನು ಮುಂತುದಿಗೆ ತಾಗುವವರೆಗೆ ಒಳತೂರಿ, ಹಿಮ್ಮಡಿಯ ಬಳಿ ಗುರುತು ಹಾಕಿ ಹೊರತೆಗೆದು ಅಳೆಯಬೇಕು. ಶೂವಿನ ಮೇಲೆ ಅಚ್ಚಾದ ಸಂಖ್ಯೆಯನ್ನಷ್ಟೇ ನೆಚ್ಚುವಂತಿಲ್ಲ. ಅದೇ ಸಂಖ್ಯೆಯ ಶೂ ಒಂದು ಕಂಪನಿಯಿಂದ ಇನ್ನೊಂದಕ್ಕೆ ವ್ಯತ್ಯಾಸವಾಗುತ್ತದೆ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಶೂವಿನ ತುದಿಯನ್ನು ಒತ್ತಿ ನೋಡುವ ರೂಢಿಯೂ ಮೋಸಗೊಳಿಸಬಹುದು. ಒತ್ತಿದೊಡನೆ ಮಗು ಬೆರಳುಗಳನ್ನು ಮಡಚಿಕೊಳ್ಳುವುದರಿಂದ ಇಲ್ಲದ ಜಾಗ ಇದ್ದಂತೆ ತೋರುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಐದನೆಯ ತರಗತಿಯ ಬಾಲಕಿಯೊಬ್ಬಳ ಬಲಪಾದ 21.4 ಸೆಂಟಿಮೀಟರ್, ಎಡಪಾದ 21.8 ಎಂದಿಟ್ಟುಕೊಳ್ಳೋಣ. ಎಡಪಾದದ ಲೆಕ್ಕದಂತೆ ಅವಳಿಗೆ ಒಳಗಿನ ಉದ್ದ 22.8ರಿಂದ 23 ಸೆಂಟಿಮೀಟರ್ ಇರುವ ಶೂ ಬೇಕು. ಅವಳ ಹಳೆಯ ಶೂ ಅಳೆದರೆ 22.1 ಇದೆ. ಅಂದರೆ ಬೆರಳ ಮುಂದೆ ಉಳಿದಿರುವುದು 3 ಮಿಲಿಮೀಟರ್ ಮಾತ್ರ. ಪ್ರತಿ ಹೆಜ್ಜೆಗೂ ಉಗುರು ಗೋಡೆಗೆ ತಾಗುತ್ತಿದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಬ್ರಿಟಿಷ್ ಅಳತೆಯಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ ಸುಮಾರು 8.5 ಮಿಲಿಮೀಟರ್ ಅಂತರವಿದೆ. ಅದೇ ಕಂಪನಿಯ ಮುಂದಿನ ಸಂಖ್ಯೆಯಲ್ಲಿ ಸುಮಾರು 22.95 ಸಿಗುತ್ತದೆ. ಅದು ಅವಳಿಗೆ ಸರಿ.

ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಸಂಖ್ಯೆ ದೊಡ್ಡದನ್ನು ಕೊಂಡರೆ ಏನಾಗುತ್ತದೆ? ಒಳಗಿನ ಉದ್ದ 23.8 ಆಗಿ, ಬೆರಳ ಮುಂದೆ 2 ಸೆಂಟಿಮೀಟರ್ ಖಾಲಿ ಉಳಿಯುತ್ತದೆ. ಜಾಗ ಹೆಚ್ಚಿದರೆ ಬೆರಳಿಗೆ ಸುಖ ಎಂದು ತೋರಬಹುದು. ಆದರೆ ಹಿಡಿತವಿಲ್ಲದ ಪಾದ ಇಳಿಜಾರಿನಲ್ಲಿಯೂ ಓಟದಲ್ಲಿಯೂ ಮುಂದಕ್ಕೆ ಜಾರಿ, ಕಿರಿದಾಗುವ ತುದಿಗೆ ಅಪ್ಪಳಿಸುತ್ತದೆ. ಹೀಗೆ ಬಿಗಿ ಶೂವಿನ ತೊಂದರೆಯೇ ಸಡಿಲ ಶೂವಿನಲ್ಲಿಯೂ ಮರಳುತ್ತದೆ. ಸರಿಯಾದ ಉದ್ದದ ಶೂವನ್ನೂ ಲೇಸು ಅಥವಾ ಅಂಟುಪಟ್ಟಿಯಿಂದ ಪಾದದ ಮೇಲ್ಭಾಗಕ್ಕೆ ಬಿಗಿಯಬೇಕು. ಹಿಮ್ಮಡಿ ಹಿಂದೆಯೇ ನಿಂತಾಗ ಮಾತ್ರ ಮುಂದಿನ ಜಾಗ ಉಪಯೋಗಕ್ಕೆ ಬರುತ್ತದೆ.

ಈ ವಯಸ್ಸಿನ ಪಾದ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಜೂನ್‌ನಲ್ಲಿ ಸರಿಯಾಗಿದ್ದ ಶೂವಿನಲ್ಲಿ ಡಿಸೆಂಬರ್ ವೇಳೆಗೆ ಉಳಿಯುವುದು ಆರೇಳು ಮಿಲಿಮೀಟರ್. ಆದ್ದರಿಂದ ಓಣಂ, ದಸರಾ ಅಥವಾ ದೀಪಾವಳಿ ರಜೆಯಲ್ಲೊಮ್ಮೆ, ಕ್ರಿಸ್ಮಸ್ ರಜೆಯಲ್ಲೊಮ್ಮೆ ರಟ್ಟಿನ ಪಟ್ಟಿಯನ್ನು ಹೊರತೆಗೆಯಬೇಕು. ಉಳಿದ ಜಾಗ ಅರ್ಧ ಸೆಂಟಿಮೀಟರಿಗೆ ಇಳಿದಿದ್ದರೆ ಶೂ ಬದಲಿಸುವ ಕಾಲ ಬಂದಿದೆ ಎಂದೇ ಅರ್ಥ.

ಕಾಲುಚೀಲದ ಪಾಲು

ಶೂ ಸರಿಯಾಗಿದ್ದರೂ ಕಾಲುಚೀಲ ಕೆಡಿಸಬಹುದು. ಎಲ್ಲ ಅಳತೆಗೂ ಆಗುತ್ತದೆಂದು ಮಾರುವ ಹಿಗ್ಗುವ ಚೀಲ, ಚಿಕ್ಕದಾದಾಗ ಬೆರಳುಗಳನ್ನು ಒಟ್ಟಿಗೆ ಹಿಂದಕ್ಕೆ ಎಳೆದಿಡುತ್ತದೆ. ಚೀಲದ ಹಿಮ್ಮಡಿಯ ಗೂಡು ಅಂಗಾಲಿನ ಕಡೆಗೆ ಸರಿದಿದ್ದರೆ ಅದು ಚಿಕ್ಕದು, ಹಿಮ್ಮಡಿಯ ಮೇಲಕ್ಕೇರಿದ್ದರೆ ದೊಡ್ಡದು. ದೊಡ್ಡ ಚೀಲ ಬೆರಳ ಬಳಿ ಮುದುಡಿ ಜಾಗವನ್ನು ತಿನ್ನುತ್ತದೆ. ಒಳಗಿನ ಹೊಲಿಗೆ ಗಂಟಾಗಿ ಹೆಬ್ಬೆರಳ ಉಗುರಿನ ಮೇಲೆ ಕೂರಬಾರದು. ಚೀಲ ತೊಟ್ಟ ಬಳಿಕ ತುದಿಯನ್ನು ಹಿಡಿದು ತುಸು ಮುಂದಕ್ಕೆ ಎಳೆದು ಸಡಿಲಿಸುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬೇಕು. ಶೂ ಕೊಳ್ಳುವಾಗ ಶಾಲೆಗೆ ತೊಡುವ ಚೀಲವನ್ನೇ ತೊಡಿಸಿ ನೋಡಬೇಕು.

ಕಾಸರಗೋಡು, ವಯನಾಡಿನ ಮಳೆಗಾಲದಲ್ಲಿ ಒದ್ದೆಯೇ ದೊಡ್ಡ ಶತ್ರು. ನೆನೆದ ಚರ್ಮ ಮೆತ್ತಗಾಗಿ ಉಗುರಿನ ಅಂಚಿಗೆ ಸುಲಭವಾಗಿ ಸೀಳುತ್ತದೆ. ಹತ್ತಿ ಬೆವರನ್ನು ಹೀರುತ್ತದೆಯಾದರೂ ಪೂರ್ತಿ ನೆನೆದರೆ ಬೇಗ ಒಣಗದು. ಹಾಗಾಗಿ ಚೀಲದಲ್ಲಿ ಇನ್ನೊಂದು ಜೊತೆಯನ್ನು ಒಣಗಿಸಿ ಕಳುಹಿಸಿ, ಶಾಲೆ ತಲುಪಿದೊಡನೆ ಬದಲಿಸಿಕೊಳ್ಳುವಂತೆ ಹೇಳುವುದು ಲೇಸು.

ಶೂವಿನಿಂದ ಆಗದ್ದು

ಉಗುರನ್ನು ಬದಿಗಳಲ್ಲಿ ಆಳಕ್ಕೆ ದುಂಡಗೆ ಕತ್ತರಿಸಿದರೆ ಅತ್ಯುತ್ತಮ ಶೂ ಸಹ ಕಾಪಾಡಲಾರದು. ನೇರವಾಗಿ ಕತ್ತರಿಸಿ, ಮೂಲೆಗಳು ಮಾಂಸದಿಂದ ಹೊರಗೆ ಕಾಣುವಂತೆ ಬಿಡಬೇಕು. ಹುಟ್ಟಿನಿಂದಲೇ ಬಾಗಿದ ಉಗುರು ಅಥವಾ ಪೆಟ್ಟು ಬಿದ್ದ ಉಗುರಿನವರಿಗೆ ಶೂ ಬದಲಾವಣೆಯೊಂದೇ ಸಾಲದೆ ಹೋಗಬಹುದು.

ಸಂಜೆ ಶೂ ಕಳಚಿದಾಗ ಹೆಬ್ಬೆರಳ ಬದಿಯಲ್ಲಿ ಕೆಂಪು ಗೆರೆ ಮೂಡಿದ್ದು, ಸ್ವಲ್ಪ ಹೊತ್ತಾದರೂ ಮಾಸದಿದ್ದರೆ ಅದು ಮೊದಲ ಎಚ್ಚರಿಕೆ. ಆ ಹಂತದಲ್ಲಿ ಶೂವನ್ನೂ ಚೀಲವನ್ನೂ ಸರಿಪಡಿಸಿದರೆ ಬಹಳಷ್ಟು ಸಲ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಕೀವು, ಹರಡುವ ಕೆಂಪು, ಜ್ವರ ಅಥವಾ ಹೆಜ್ಜೆ ಊರಲಾಗದ ನೋವು ಕಂಡರೆ ಮನೆಯಲ್ಲಿ ಪಿನ್ನು, ಬ್ಲೇಡುಗಳಿಂದ ಅಂಚನ್ನು ಕೆದಕದೆ ವೈದ್ಯರಲ್ಲಿಗೆ ಹೋಗಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಅವರ ವಿಷಯದಲ್ಲಿ ಇಷ್ಟನ್ನೂ ಕಾಯದೆ, ಬಾವು ಕಂಡ ದಿನವೇ ತೋರಿಸತಕ್ಕದ್ದು.