ಲೈಫ್‌ಬೋಟ್ ನಂಬರ್ ಗೊತ್ತಿದ್ದರೆ ಊಹಿಸೋದೇನು? ಟೈಟಾನಿಕ್ ಡೇಟಾದಲ್ಲಿ ಉತ್ತರ ಹೇಳಿಬಿಡುವ ಒಂದು ಕಾಲಂ

ಈ ಸಂಚಿಕೆಯ ವಿಷಯ ಟೈಟಾನಿಕ್. ಹಡಗು ಮುಳುಗಿದ ಕಥೆ ನಿಮಗೆಲ್ಲ ಗೊತ್ತೇ ಇದೆ, ಹಾಗಾಗಿ ಅದನ್ನು ಮತ್ತೆ ಹೇಳಲ್ಲ. ಆ ಹಡಗಿನ ಪ್ರಯಾಣಿಕರ ಪಟ್ಟಿ ಇವತ್ತು ಡೇಟಾ ಸೈನ್ಸ್ ಕಲಿಯುವವರ ಅಭ್ಯಾಸದ ಪುಸ್ತಕವಾಗಿದೆ. ಆ ಪಟ್ಟಿಯಲ್ಲಿರುವ ಒಂದು ಕಾಲಂ ಬಗ್ಗೆ ಇವತ್ತು ಮಾತಾಡೋಣ.

ಮೊದಲು ಪಟ್ಟಿ ಹೇಗಿದೆ ಅಂತ ನೋಡೋಣ. ಎನ್‌ಸೈಕ್ಲೋಪೀಡಿಯಾ ಟೈಟಾನಿಕಾದ ಮಾಹಿತಿ ಆಧರಿಸಿ ಸಿದ್ಧವಾದ ಈ ಪಟ್ಟಿಯನ್ನು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞರು ಎಲ್ಲರಿಗೂ ಸಿಗುವಂತೆ ಮಾಡಿದರು. ಹಡಗಿನ ಸಿಬ್ಬಂದಿ ಇದರಲ್ಲಿಲ್ಲ, ಪ್ರಯಾಣಿಕರು ಮಾತ್ರ ಇದ್ದಾರೆ. ಒಟ್ಟು 1309 ಸಾಲು, ಒಬ್ಬರಿಗೆ ಒಂದು ಸಾಲು. ಅವರಲ್ಲಿ 500 ಜನ ಬದುಕಿದರು, 809 ಜನ ತೀರಿಕೊಂಡರು. ಹೆಸರು, ಲಿಂಗ, ವಯಸ್ಸು, ಯಾವ ದರ್ಜೆಯ ಟಿಕೆಟ್, ಎಷ್ಟು ಹಣ ಕೊಟ್ಟರು, ಯಾವ ಬಂದರಿನಲ್ಲಿ ಹತ್ತಿದರು, ಹೀಗೆ ಒಂದೊಂದಕ್ಕೂ ಒಂದು ಕಾಲಂ. `survived` ಅನ್ನೋ ಕಾಲಂನಲ್ಲಿ ಬದುಕಿದ್ದರೆ 1, ಇಲ್ಲದಿದ್ದರೆ 0. ಉಳಿದ ಮಾಹಿತಿ ನೋಡಿ ಈ 1 ಅಥವಾ 0 ಅನ್ನು ಊಹಿಸುವ ಮಾಡೆಲ್ ಕಟ್ಟಬೇಕು ಅನ್ನೋದು ಅಭ್ಯಾಸ.

ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಇದೇ ಡೇಟಾ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದಳು. ಅವಳ ಪ್ರಶ್ನೆ ವಯಸ್ಸಿನ ಕಾಲಂ ಬಗ್ಗೆ. 1309 ಜನರಲ್ಲಿ 263 ಜನರ ವಯಸ್ಸು ದಾಖಲಾಗಿಲ್ಲ. "ಸರ್, ಖಾಲಿ ಇರೋ ಕಡೆ ಎಲ್ಲಾ ಮಧ್ಯಾಂಕ 28 ಹಾಕಲಾ, ಇಲ್ಲಾ ದರ್ಜೆ ನೋಡಿ ಬೇರೆ ಬೇರೆ ತುಂಬಲಾ? ಎರಡೂ ಮಾಡಿ ನೋಡಿದೆ, ಫಲಿತಾಂಶದಲ್ಲಿ ಏನೂ ವ್ಯತ್ಯಾಸ ಬರ್ತಿಲ್ಲ" ಅಂದಳು. ಮಾಡೆಲ್‌ನ ನಿಖರತೆ ಶೇ 97ಕ್ಕಿಂತ ಮೇಲೇ ಇತ್ತು. ಅವಳಿಗೆ ಅದು ಖುಷಿಯ ವಿಷಯ. ತಾನು ಆರಿಸಿಕೊಂಡ ವಿಧಾನ ಉಳಿದವಕ್ಕಿಂತ ಮೇಲು ಅಂತ ವರದಿಯಲ್ಲೂ ಬರೆದಿದ್ದಳು. ವರದಿ ಸಲ್ಲಿಸೋಕೆ ಎರಡೇ ದಿನ ಬಾಕಿ.

ಈ ಡೇಟಾದಲ್ಲಿ 97 ಅಂದ್ರೆ ನನಗೆ ಕಿವಿ ನಿಮಿರುತ್ತೆ. ಯಾಕೆ ಅಂತ ಒಂದು ಸಣ್ಣ ಲೆಕ್ಕದಲ್ಲಿ ಹೇಳ್ತೀನಿ. ಕಣ್ಣು ಮುಚ್ಚಿಕೊಂಡು ಎಲ್ಲರೂ ಸತ್ತರು ಅಂತ ಹೇಳಿದರೂ 1309ರಲ್ಲಿ 809 ಸರಿಯಾಗುತ್ತೆ, ಅಂದ್ರೆ ಸುಮಾರು ಶೇ 62. ಹೆಂಗಸರು ಬದುಕಿದರು, ಗಂಡಸರು ಸತ್ತರು ಅಂತ ಒಂದೇ ನಿಯಮ ಇಟ್ಟುಕೊಂಡರೆ ಶೇ 78 ಸರಿಯಾಗುತ್ತೆ. ಅಲ್ಲಿಂದ ಮುಂದೆ ದರ್ಜೆ, ವಯಸ್ಸು, ಕುಟುಂಬದ ಗಾತ್ರ ಎಲ್ಲಾ ಸೇರಿಸಿದರೂ ಶೇ 80ರ ಆಸುಪಾಸಿನಿಂದ ಮೇಲೇರೋದು ಬಲು ಕಷ್ಟ. ಆ ರಾತ್ರಿ ಯಾರು ಡೆಕ್‌ನ ಯಾವ ಬದಿಯಲ್ಲಿ ನಿಂತಿದ್ದರು, ಯಾರು ಎಷ್ಟು ಹೊತ್ತಿಗೆ ಎದ್ದರು ಅನ್ನೋದು ಟಿಕೆಟ್‌ನಲ್ಲಿ ಬರೆದಿರಲ್ಲವಲ್ಲ.

ಎರಡನೇ ಸುಳಿವು ಅವಳೇ ಕೊಟ್ಟಿದ್ದಳು. ವಯಸ್ಸನ್ನು ಹೇಗೆ ತುಂಬಿದರೂ ಫಲಿತಾಂಶ ಅಲುಗಾಡ್ತಿಲ್ಲ. ಮಕ್ಕಳನ್ನು ಮೊದಲು ಬೋಟ್‌ಗೆ ಹತ್ತಿಸಿದ ಹಡಗಿನಲ್ಲಿ ವಯಸ್ಸಿಗೆ ಒಂದಿಷ್ಟಾದರೂ ಬೆಲೆ ಇರಬೇಕು. ಅದು ಕಾಣಿಸ್ತಿಲ್ಲ ಅಂದ್ರೆ ಬೇರೆ ಯಾವುದೋ ಕಾಲಂ ಉತ್ತರವನ್ನು ಆಗಲೇ ಹೇಳಿಬಿಟ್ಟಿದೆ, ಉಳಿದವಕ್ಕೆ ಕೆಲಸವೇ ಇಲ್ಲ ಅಂತ ಅರ್ಥ.

ಅವಳ ಕಾಲಂಗಳ ಪಟ್ಟಿ ಮೇಲಿಂದ ಕೆಳಗೆ ಓದುತ್ತಾ ಬಂದಾಗ ಅದು ಸಿಕ್ಕಿತು. ಹೆಸರು `boat`. ಪ್ರಯಾಣಿಕರು ಯಾವ ಲೈಫ್‌ಬೋಟ್‌ನಲ್ಲಿದ್ದರು ಅನ್ನೋ ನಂಬರ್. ಖಾಲಿ ಇದ್ದ ಕಡೆ ಅವಳು 'ಇಲ್ಲ' ಅಂತ ತುಂಬಿ ಮಾಡೆಲ್‌ಗೆ ಕೊಟ್ಟಿದ್ದಳು. ಅವಳು ಕೇಳಿದ್ದು ವಯಸ್ಸಿನ ಬಗ್ಗೆ, ಬೋಟ್ ಬಗ್ಗೆ ಅಲ್ಲ. ಆದರೆ ಬೋಟ್ ಅಲ್ಲಿರೋವರೆಗೂ ವಯಸ್ಸಿನ ಪ್ರಶ್ನೆಗೆ ಉತ್ತರ ಹೇಳಿ ಪ್ರಯೋಜನವಿರಲಿಲ್ಲ. ಹಾಗಾಗಿ ಮೊದಲು ಇದನ್ನೇ ಹೇಳಿದೆ. ತಪ್ಪು ಅಂತ ತೀರ್ಪು ಕೊಡೋ ಬದಲು, ಖಾಲಿ ತುಂಬುವ ಮೊದಲಿನ ಮೂಲ ಡೇಟಾದ ಮೇಲೆ ಒಂದು ಸಾಲು ಓಡಿಸಿ ನೋಡು ಅಂದೆ. ಓದುತ್ತಿರುವವರಿಗಾಗಿ ಅದನ್ನು ಇಲ್ಲಿ ಕೊಟ್ಟಿದ್ದೇವೆ.

```python
pd.crosstab(df["boat"].notna(), df["survived"])
```

ಬೋಟ್ ನಂಬರ್ ಇದೆಯೋ ಇಲ್ಲವೋ ಅನ್ನೋದನ್ನು ಒಂದು ಕಡೆ, ಬದುಕಿದರೋ ಇಲ್ಲವೋ ಅನ್ನೋದನ್ನು ಇನ್ನೊಂದು ಕಡೆ ಇಟ್ಟು ಎಣಿಸು ಅಂತ ಇದರ ಅರ್ಥ. ಬಂದ ಉತ್ತರ ಹೀಗಿತ್ತು:

```
survived    0    1
boat
False     800   23
True        9  477
```

ಬೋಟ್ ನಂಬರ್ ಇರೋರು 486 ಜನ. ಅವರಲ್ಲಿ 477 ಜನ ಬದುಕಿದ್ದಾರೆ, 9 ಜನ ಇಲ್ಲ. ನಂಬರ್ ಇಲ್ಲದವರು 823 ಜನ, ಅವರಲ್ಲಿ ಬದುಕಿದ್ದು 23 ಜನ ಮಾತ್ರ. ಅಂದ್ರೆ ನಂಬರ್ ಇದ್ದರೆ ಬದುಕಿದರು, ಇಲ್ಲದಿದ್ದರೆ ಇಲ್ಲ ಅನ್ನೋ ಒಂದೇ ವಾಕ್ಯ 1309ರಲ್ಲಿ 1277 ಸಲ ಸರಿ. ಶೇಕಡಾ ಲೆಕ್ಕದಲ್ಲಿ 97.6. ಅವಳ ಮಾಡೆಲ್ ಕಲಿತದ್ದು ಈ ಒಂದು ವಾಕ್ಯವನ್ನೇ. ಪರದೆ ನೋಡಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆದ್ರೆ ಸರ್, ಬೋಟ್ ಸಿಕ್ಕಿದವರು ಬದುಕಿದರು ಅನ್ನೋದು ನಿಜಾನೇ ಅಲ್ವಾ? ನಿಜವಾದ ಮಾಹಿತಿ ಯಾಕೆ ತೆಗೀಬೇಕು?" ಅಂತ ಕೇಳಿದಳು.

ಒಳ್ಳೆಯ ಪ್ರಶ್ನೆ. ಮಾಹಿತಿ ಸುಳ್ಳಲ್ಲ, ಆದರೆ ಅದು ಹುಟ್ಟಿದ ಹೊತ್ತು ಬೇರೆ. ಇದನ್ನು ತಿಳಿಯೋಕೆ ಕಾಲಂಗಳನ್ನು ಗಡಿಯಾರದ ಪಕ್ಕ ಇಟ್ಟು ನೋಡಬೇಕು. ಹೆಸರು, ದರ್ಜೆ, ಟಿಕೆಟ್ ದರ ಎಲ್ಲಾ ಹಡಗು ಹತ್ತುವ ಹೊತ್ತಿಗೇ ಗೊತ್ತಿದ್ದವು. ಸೌತಾಂಪ್ಟನ್‌ನಿಂದ ಹಡಗು ಹೊರಟಿದ್ದು 1912ರ ಏಪ್ರಿಲ್ 10ರಂದು. ಹಿಮಗಡ್ಡೆಗೆ ತಾಗಿದ್ದು 14ರ ರಾತ್ರಿ 11.40ಕ್ಕೆ. ಮೊದಲ ಲೈಫ್‌ಬೋಟ್ ನೀರಿಗಿಳಿದಿದ್ದು ನಡುರಾತ್ರಿ ದಾಟಿ 12.45ರ ಸುಮಾರಿಗೆ, ಹಡಗು ಮುಳುಗಿದ್ದು 2.20ಕ್ಕೆ. ಆ ಗಲಾಟೆಯಲ್ಲಿ ಯಾರು ಯಾವ ಬೋಟ್ ಹತ್ತಿದರು ಅಂತ ಪಟ್ಟಿ ಬರೆದುಕೊಳ್ಳೋಕೆ ಯಾರೂ ನಿಂತಿರಲಿಲ್ಲ. ಬದುಕಿ ಬಂದವರು ಆಮೇಲೆ ಹೇಳಿದ್ದನ್ನು ಜೋಡಿಸಿ ಆ ನಂಬರ್‌ಗಳನ್ನು ತುಂಬಿದ್ದು. ಅಂದ್ರೆ ಬೋಟ್ ಕಾಲಂ ತುಂಬಬೇಕಾದರೆ ಆ ವ್ಯಕ್ತಿ ಬದುಕಿರೋದು ಬಹುಪಾಲು ಮೊದಲೇ ಗೊತ್ತಿರಬೇಕು. ಫಲಿತಾಂಶ ನೋಡಿ ಬರೆದ ಕಾಲಂನಿಂದ ಫಲಿತಾಂಶ ಊಹಿಸಿದಂತಾಯ್ತು. ಇದಕ್ಕೆ ಡೇಟಾ ಲೀಕೇಜ್ ಅಂತಾರೆ. ಉತ್ತರದ ಸೋರಿಕೆ ಅನ್ನೋಣ.

ಹಾಗಾದ್ರೆ ಆ 9 ಜನ ಯಾರು? ಕೊಲ್ಯಾಪ್ಸಿಬಲ್ ಎ ಅನ್ನೋ ಬೋಟ್‌ಗೆ ಅರ್ಧ ನೀರು ತುಂಬಿತ್ತು. ಅದರಲ್ಲಿದ್ದ ಕೆಲವರು ಚಳಿಗೆ ಅಲ್ಲೇ ತೀರಿಕೊಂಡರು. ಇಂಥವರ ಸಾಲುಗಳಿಂದಾಗಿ ಹೊಂದಾಣಿಕೆ ಪೂರ್ತಿ ನೂರಕ್ಕೆ ನೂರು ಬರಲ್ಲ. ಅಪಾಯ ಇರೋದೇ ಇಲ್ಲಿ. ನೂರು ಬಂದಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. 97 ಬಂದಾಗ ಮಾಡೆಲ್ ಚೆನ್ನಾಗಿದೆ ಅನ್ನಿಸಿಬಿಡುತ್ತೆ.

ಇದೇ ಪಟ್ಟಿಯಲ್ಲಿ `body` ಅಂತ ಇನ್ನೊಂದು ಕಾಲಂ ಇದೆ. ದುರಂತದ ನಂತರ ಮ್ಯಾಕೆ ಬೆನೆಟ್ ಅನ್ನೋ ಹಡಗು ಸಮುದ್ರದಿಂದ ಶವಗಳನ್ನು ಎತ್ತುವಾಗ ಒಂದೊಂದಕ್ಕೂ ಒಂದು ನಂಬರ್ ಕೊಟ್ಟಿತ್ತು. ಆ ಕಾಲಂ ಇರೋದು ಇಂಥ ನಂಬರ್‌ಗಳಿಗೆ. ಅದರಲ್ಲಿ 121 ಜನರ ಎದುರು ನಂಬರ್ ಇದೆ. ಅವರಲ್ಲಿ ಒಬ್ಬರೂ ಬದುಕಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಕ್ಯಾಗಲ್ ಸ್ಪರ್ಧೆಯಲ್ಲಿ ಬಳಸುವ ಟೈಟಾನಿಕ್ ಡೇಟಾದಲ್ಲಿ ಈ ಎರಡೂ ಕಾಲಂ ಇಲ್ಲ. ಮೂಲ ಪಟ್ಟಿ ಇಳಿಸಿಕೊಂಡವರಿಗೆ ಮಾತ್ರ ಎದುರಾಗುತ್ತವೆ.

ಇಲ್ಲಿ ಇನ್ನೊಂದು ಮಾತು. ಕೆಲವರು ಅರ್ಧಕ್ಕಿಂತ ಹೆಚ್ಚು ಖಾಲಿ ಇರುವ ಕಾಲಂಗಳನ್ನೆಲ್ಲ ಕಣ್ಣು ಮುಚ್ಚಿ ತೆಗೆದುಹಾಕ್ತಾರೆ. ಆಗ ಬೋಟ್ ಕಾಲಂ ಕೂಡ ಹೋಗುತ್ತೆ, ಸಮಸ್ಯೆ ಅಲ್ಲಿಗೆ ಮುಗಿಯಿತು ಅನ್ನಿಸುತ್ತೆ. ಆದರೆ ಕಾರಣ ತಿಳಿಯದೆ ತೆಗೆದವರು, ಪೂರ್ತಿ ತುಂಬಿರುವ ಇಂಥದ್ದೇ ಕಾಲಂ ಬೇರೆ ಡೇಟಾದಲ್ಲಿ ಸಿಕ್ಕರೆ ಅದನ್ನು ಹಾಗೇ ಒಳಗೆ ಬಿಡ್ತಾರೆ. ಪೋರ್ಚುಗಲ್‌ನ ಒಂದು ಬ್ಯಾಂಕ್‌ನ ಡೇಟಾ ಇದಕ್ಕೆ ಉದಾಹರಣೆ. ಗ್ರಾಹಕರಿಗೆ ಫೋನ್ ಮಾಡಿ ಠೇವಣಿ ಇಡಿ ಅಂತ ಕೇಳಿದ ದಾಖಲೆ ಅದು. ಯಾರು ಒಪ್ಪುತ್ತಾರೆ ಅಂತ ಊಹಿಸಬೇಕು. ಅದರಲ್ಲಿ `duration` ಅಂತ ಒಂದು ಕಾಲಂ ಇದೆ, ಕರೆ ಎಷ್ಟು ಸೆಕೆಂಡ್ ನಡೆಯಿತು ಅನ್ನೋದು. ಬೇಡ ಅನ್ನೋರು ಬೇಗ ಫೋನ್ ಇಡ್ತಾರೆ, ಒಪ್ಪುವವರು ಹೆಚ್ಚು ಹೊತ್ತು ಮಾತಾಡ್ತಾರೆ. ಆದರೆ ಕರೆ ಮುಗಿಯದೆ ಆ ಅಂಕಿ ಬರಲ್ಲ, ಕರೆ ಮುಗಿದ ಮೇಲೆ ಉತ್ತರವೂ ಗೊತ್ತಿರುತ್ತೆ. ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ತೀರ್ಮಾನಿಸಲು ಅದು ಉಪಯೋಗಕ್ಕೆ ಬಾರದು. ವಾಸ್ತವದಲ್ಲಿ ಬಳಸುವ ಮಾಡೆಲ್ ಬೇಕಿದ್ದರೆ ಈ ಕಾಲಂ ಬಿಡಿ ಅಂತ ಆ ಡೇಟಾದ ವಿವರಣೆಯಲ್ಲೇ ಬರೆದಿದೆ. ಟೈಟಾನಿಕ್‌ನದು ಹಳೆಯ ಕಥೆ, ತಪ್ಪಿದರೆ ಒಂದು ವರದಿ ಕೆಡುತ್ತೆ. ಬ್ಯಾಂಕ್‌ನದು ನಾಳೆ ಬೆಳಿಗ್ಗೆ ಕೆಲಸಕ್ಕೆ ಇಳಿಸುವ ಮಾಡೆಲ್. ಅಲ್ಲಿ ಆ ಕಾಲಂ ಖಾಲಿಯಾಗೇ ಬರುತ್ತೆ, ಮಾಡೆಲ್ ಕುರುಡಾಗುತ್ತೆ.

ಕಾಲಂ ತೆಗೆದ ಮಾತ್ರಕ್ಕೆ ಸೋರಿಕೆ ಪೂರ್ತಿ ನಿಲ್ಲುತ್ತೆ ಅಂತಲೂ ಹೇಳೋಕಾಗಲ್ಲ. ಆ ವಿದ್ಯಾರ್ಥಿನಿಯ ವಯಸ್ಸಿನ ಕಾಲಂ ನೋಡಿ. ವಯಸ್ಸು ದಾಖಲಾಗಿರುವ 1046 ಜನರಲ್ಲಿ 427 ಜನ ಬದುಕಿದರು, ಸುಮಾರು ಶೇ 41. ವಯಸ್ಸು ಖಾಲಿ ಇರುವ 263 ಜನರಲ್ಲಿ ಬದುಕಿದ್ದು 73 ಜನ, ಸುಮಾರು ಶೇ 28. ಬದುಕಿ ಬಂದವರ ವಿವರ ಆಮೇಲೂ ಸಿಗುತ್ತಾ ಹೋಗುತ್ತೆ, ಸತ್ತವರದು ಹಾಗಲ್ಲ. ಮೂರನೇ ದರ್ಜೆಯವರ ವಿವರ ಮೊದಲಿಂದಲೇ ಕಡಿಮೆ ಅನ್ನೋದೂ ಇದರಲ್ಲಿ ಸೇರಿದೆ. ಎರಡನ್ನೂ ಸುಲಭವಾಗಿ ಬಿಡಿಸೋಕಾಗಲ್ಲ. ಹಾಗಾಗಿ ವಯಸ್ಸನ್ನು ಇಟ್ಟುಕೋ, ಆದರೆ 'ವಯಸ್ಸು ಖಾಲಿ' ಅನ್ನೋದನ್ನೇ ಒಂದು ಹೊಸ ಕಾಲಂ ಮಾಡಿ ಮಾಡೆಲ್‌ಗೆ ಕೊಡಬೇಡ, ಈ ಅಂಕಿಗಳನ್ನು ವರದಿಯಲ್ಲಿ ಬರಿ ಅಂದೆ.

`boat`, `body` ಎರಡೂ ತೆಗೆದ ಮೇಲೆ ಅವಳ ಮಾಡೆಲ್ ಶೇ 80ರ ಹತ್ತಿರ ಬಂದು ನಿಂತಿತು. ತನ್ನ ವಿಧಾನ ಉಳಿದವಕ್ಕಿಂತ ಮೇಲು ಅನ್ನೋ ವಾಕ್ಯ ವರದಿಯಿಂದ ಹೋಯಿತು. ಅದರ ಬದಲು, ಬೋಟ್ ಮುಚ್ಚಿಟ್ಟಿದ್ದ ಸಂಗತಿ ಹೊರಗೆ ಬಂತು. ಯಾರು ಬದುಕುತ್ತಾರೆ ಅನ್ನೋದರಲ್ಲಿ ಲಿಂಗಕ್ಕೆ ಮೊದಲ ಸ್ಥಾನ, ಟಿಕೆಟ್ ದರ್ಜೆಗೂ ದೊಡ್ಡ ಪಾಲು. ವಯಸ್ಸನ್ನು ಬೇರೆ ಬೇರೆ ರೀತಿ ತುಂಬಿದಾಗ ಫಲಿತಾಂಶ ಸ್ವಲ್ಪ ಸ್ವಲ್ಪ ಬದಲಾಗತೊಡಗಿತು. ಅವಳು ಮೊದಲು ಕೇಳಿದ್ದ ಪ್ರಶ್ನೆಗೆ ಆಗಷ್ಟೇ ಉತ್ತರ ಹುಡುಕಲು ಸಾಧ್ಯವಾಯಿತು.

ನಿಮ್ಮ ಮುಂದೆ ಇಂಥದ್ದೊಂದು ಪಟ್ಟಿ ಬಂದಾಗ ಪ್ರತಿ ಕಾಲಂ ಎದುರು ಒಂದೇ ಪ್ರಶ್ನೆ ಬರೆದುಕೊಳ್ಳಿ: ಈ ಮನೆ ಯಾವ ಹೊತ್ತಿಗೆ ತುಂಬಿತು, ಫಲಿತಾಂಶಕ್ಕೆ ಮೊದಲೋ ಆಮೇಲೋ? ಆಮೇಲೆ ಅನ್ನೋ ಉತ್ತರ ಬಂದ ಕಾಲಂಗೆ ಮಾಡೆಲ್‌ನಲ್ಲಿ ಜಾಗವಿಲ್ಲ. ಈ ಉತ್ತರ ಕಂಪ್ಯೂಟರ್‌ನಲ್ಲಿ ಸಿಗಲ್ಲ. ಡೇಟಾ ಬರೆದವರನ್ನು ಕೇಳಬೇಕು, ಇಲ್ಲವೇ ಅದರ ವಿವರಣೆ ಓದಬೇಕು.